ಹೊಂದಿಸಿ ಬರೆಯಲಾಗದ ಗಾದೆಗಳು

ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ವಾರಾಂತ್ಯದ ತರಗತಿಗಳಲ್ಲಿ ಗಾದೆಗಳ ವರ್ಕ್‌ಶೀಟ್ ಒಂದು ಇದ್ದೇ ಇರುತ್ತದೆ. ಎಡಗಡೆಗೆ ಹತ್ತು ಕನ್ನಡ ಗಾದೆ, ಬಲಗಡೆಗೆ ಹತ್ತು ಇಂಗ್ಲಿಷ್ ಗಾದೆ, ನಡುವೆ ಗೆರೆ ಎಳೆಯಲು ಖಾಲಿ ಜಾಗ. ಮೇಲೆ ‘ಹೊಂದಿಸಿ ಬರೆಯಿರಿ’ ಎಂಬ ಸೂಚನೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಮನೆಗಳಲ್ಲಿ ಇಂಥ ಹಾಳೆಯನ್ನು ಕಂಡವರು ಅನೇಕರಿರಬಹುದು. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗು ಐದು ನಿಮಿಷದಲ್ಲಿ ಹತ್ತೂ ಗೆರೆಗಳನ್ನು ಎಳೆದು ಮುಗಿಸುತ್ತದೆ, ಹತ್ತಕ್ಕೆ ಹತ್ತು ಅಂಕ ಪಡೆಯುತ್ತದೆ. ಆದರೆ ಆ ಹತ್ತು ಗಾದೆಗಳಲ್ಲಿ ಒಂದನ್ನಾದರೂ ಮಾತಿನ ನಡುವೆ ಬಳಸಲು ಅದಕ್ಕೆ ಬರುವುದಿಲ್ಲ. ಬಳಸಿದರೂ ಕೆಲವೊಮ್ಮೆ ಹೊಗಳಬೇಕಾದಲ್ಲಿ ತೆಗಳಿದಂತಾಗುತ್ತದೆ. ಈ ದೋಷ ಮಗುವಿನದಲ್ಲ. ಹಾಳೆಯ ರಚನೆಯದು ಎಂಬುದು ನನ್ನ ಅಭಿಪ್ರಾಯ.

ಕರ್ನಾಟಕದ ಹತ್ತನೆಯ ತರಗತಿಯ ಪ್ರಥಮಭಾಷೆ ಕನ್ನಡ ಪರೀಕ್ಷೆಯಲ್ಲಿ ಗಾದೆಯ ಮೇಲೆ ಬರುವ ಪ್ರಶ್ನೆ ಬೇರೆ ಬಗೆಯದು. ಅಲ್ಲಿ ‘ಗಾದೆಮಾತನ್ನು ವಿಸ್ತರಿಸಿ ಬರೆಯಿರಿ’ ಎನ್ನುತ್ತಾರೆ. ವಿದ್ಯಾರ್ಥಿ ಗಾದೆಯ ಅರ್ಥವನ್ನು ತನ್ನ ಮಾತಿನಲ್ಲಿ ಬಿಡಿಸಿ, ಒಂದು ಉದಾಹರಣೆ ಕೊಟ್ಟು ಬರೆಯಬೇಕು. ಆ ಉತ್ತರಗಳಲ್ಲಿ ಬಾಯಿಪಾಠದ ಸಾಲುಗಳು ಎಷ್ಟೇ ಇರಲಿ, ಪ್ರಶ್ನೆಯ ದಿಕ್ಕು ಸರಿಯಾಗಿದೆ. ಗಾದೆಯೊಳಗೆ ಇಳಿಯಲು ಅದು ಹೇಳುತ್ತದೆ. ನಮ್ಮ ಹೊಂದಿಸಿ ಬರೆಯುವ ಹಾಳೆ ಗಾದೆಯನ್ನು ದಾಟಿಹೋಗಲು ಹೇಳುತ್ತದೆ. ಇಂಗ್ಲಿಷ್ ಗಾದೆ ಸಿಕ್ಕಿದೊಡನೆ ಕನ್ನಡದ್ದರ ಕೆಲಸ ಮುಗಿಯಿತು ಎಂಬ ಭಾವನೆ ಮಗುವಿನಲ್ಲಿ ನೆಲೆಸುತ್ತದೆ.

ಮೊದಲು ನಿಜವಾಗಿ ಹೊಂದುವ ಒಂದು ಜೋಡಿಯನ್ನೇ ನೋಡೋಣ. ‘ಗಾಳಿ ಬಂದಾಗ ತೂರಿಕೋ’ ಎಂಬುದಕ್ಕೆ ಎದುರಾಗಿ ‘ಮೇಕ್ ಹೇ ವೈಲ್ ದ ಸನ್ ಶೈನ್ಸ್’ ಎಂದು ಕೊಟ್ಟಿರುತ್ತಾರೆ. ಎರಡೂ ಒಕ್ಕಲುತನದ ಮಾತುಗಳು. ಎರಡರಲ್ಲೂ ಕೆಲಸ ನಡೆಯುವುದು ಹವೆಯ ಅನುಕೂಲ ಇದ್ದಾಗ ಮಾತ್ರ. ಕಣದಲ್ಲಿ ಒಕ್ಕಿದ ಧಾನ್ಯವನ್ನು ರೈತನು ಮೊರದಲ್ಲಿ ತುಂಬಿ, ಎತ್ತರಕ್ಕೆ ಹಿಡಿದು, ನಿಧಾನವಾಗಿ ಸುರಿಯುತ್ತಾನೆ. ಗಾಳಿಗೆ ಹೊಟ್ಟು ದೂರ ಹಾರುತ್ತದೆ, ತೂಕದ ಕಾಳು ನೇರ ಕೆಳಗೆ ಬಿದ್ದು ರಾಶಿಯಾಗುತ್ತದೆ. ಗಾಳಿ ನಿಂತರೆ ಕೆಲಸವೂ ನಿಲ್ಲುತ್ತದೆ. ಇಂಗ್ಲೆಂಡಿನ ರೈತನಿಗೆ ಇದೇ ಆತುರ ಹುಲ್ಲಿನ ವಿಷಯದಲ್ಲಿ: ಕೊಯ್ದ ಹುಲ್ಲು ಬಿಸಿಲಿಗೆ ಒಣಗುವ ಮುನ್ನ ಮಳೆ ಬಂದರೆ ಅದು ಕೊಳೆಯುತ್ತದೆ, ಚಳಿಗಾಲಕ್ಕೆ ದನಗಳಿಗೆ ಮೇವಿರುವುದಿಲ್ಲ. ಹೀಗೆ ಬಿಡಿಸಿ ಹೇಳಿದರೆ ಎರಡು ಗಾದೆಗಳೂ ಒಂದನ್ನೊಂದು ಬೆಳಗುತ್ತವೆ. ಗೆರೆ ಎಳೆದಾಗ ಆಗುವುದೇ ಬೇರೆ. ಐರೋಲಿಯ ಹನ್ನೆರಡನೆಯ ಮಹಡಿಯ ಮಗು ಕಣವನ್ನೂ ಕಂಡಿಲ್ಲ, ಒಣಹುಲ್ಲಿನ ಬಣವೆಯನ್ನೂ ಕಂಡಿಲ್ಲ. ತಿಳಿಯದ ಒಂದನ್ನು ತಿಳಿಯದ ಇನ್ನೊಂದಕ್ಕೆ ಸೇರಿಸಿ ಅದು ಅಂಕ ಪಡೆಯುತ್ತದೆ.

ಇದು ಹೊಂದುವ ಗಾದೆಯ ಗತಿ. ಹೊಂದದ ಗಾದೆಗಳನ್ನು ಹೊಂದಿಸಿದಾಗ ಆಗುವ ಹಾನಿ ಇನ್ನೂ ಹೆಚ್ಚು. ಅಂಥದ್ದೊಂದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

‘ತುಂಬಿದ ಕೊಡ ತುಳುಕುವುದಿಲ್ಲ’ ಎಂಬುದಕ್ಕೆ ಹೆಚ್ಚಿನ ಹಾಳೆಗಳಲ್ಲಿ ಸಿಗುವ ಜೋಡಿ ‘ಎಂಪ್ಟಿ ವೆಸೆಲ್ಸ್ ಮೇಕ್ ದ ಮೋಸ್ಟ್ ನಾಯ್ಸ್’. ಒಂದು ಸಾಹಿತ್ಯ ಗೋಷ್ಠಿಯನ್ನು ಕಲ್ಪಿಸಿಕೊಳ್ಳಿ. ನಿವೃತ್ತರಾದ ಹಿರಿಯ ವಿದ್ವಾಂಸರೊಬ್ಬರು ಹಿಂದಿನ ಸಾಲಿನಲ್ಲಿ ಎರಡು ಗಂಟೆ ಸುಮ್ಮನೆ ಕುಳಿತು, ಕೊನೆಗೆ ಒತ್ತಾಯಿಸಿ ಕೇಳಿದಾಗ ಎರಡೇ ಮಾತು ಆಡಿ ಕುಳಿತರು. ಹೊರಗೆ ಬರುವಾಗ ಒಬ್ಬರು, ‘ನೋಡಿ, ತುಂಬಿದ ಕೊಡ ತುಳುಕುವುದಿಲ್ಲ’ ಎನ್ನುತ್ತಾರೆ. ಕೇಳಿದವರೆಲ್ಲ ಒಪ್ಪಿ ತಲೆದೂಗುತ್ತಾರೆ. ಇದೇ ಜಾಗದಲ್ಲಿ ಇಂಗ್ಲಿಷ್ ಜೋಡಿಯನ್ನು ಇಟ್ಟು ನೋಡಿ. ‘ಖಾಲಿ ಪಾತ್ರೆಗಳೇ ಹೆಚ್ಚು ಸದ್ದು ಮಾಡುತ್ತವೆ’ ಎಂದರೆ ಆ ವಿದ್ವಾಂಸರಿಗೆ ಪ್ರಶಂಸೆ ಸಲ್ಲುವುದಿಲ್ಲ. ಅದುವರೆಗೆ ಮಾತನಾಡಿದವರೆಲ್ಲರಿಗೂ ಅವಮಾನ ಸಲ್ಲುತ್ತದೆ. ಕನ್ನಡ ಗಾದೆಯ ಕಣ್ಣು ತುಂಬಿದವನ ಮೇಲೆ, ಇಂಗ್ಲಿಷ್ ಗಾದೆಯ ಕಣ್ಣು ಬರಿದಾದವನ ಮೇಲೆ. ಮೊದಲನೆಯದು ಗೌರವ, ಎರಡನೆಯದು ಕುಹಕ. ತರ್ಕದಲ್ಲಿ ಇವು ಒಂದೇ ನಾಣ್ಯದ ಎರಡು ಮುಖಗಳಂತೆ ತೋರಬಹುದು. ಆದರೆ ಗಾದೆ ತರ್ಕಕ್ಕಾಗಿ ಹುಟ್ಟಿದ್ದಲ್ಲ, ಒಬ್ಬರ ಮುಂದೆ ಇನ್ನೊಬ್ಬರು ಆಡಲೆಂದು ಹುಟ್ಟಿದ್ದು.

ಎರಡರ ಚಿತ್ರವೂ ಬೇರೆ. ಇಂಗ್ಲಿಷ್ ಗಾದೆಯಲ್ಲಿ ಇರುವುದು ಸದ್ದು: ಖಾಲಿ ಪಾತ್ರೆಯನ್ನು ಬಡಿದರೆ ಠಣಠಣ ಎನ್ನುತ್ತದೆ. ಕನ್ನಡದಲ್ಲಿ ಇರುವುದು ನೀರಿನ ಚಲನೆ: ಸೊಂಟದ ಮೇಲಿನ ಕೊಡದಲ್ಲಿ ನೀರು ಅರೆಯಾಗಿದ್ದರೆ ಹೆಜ್ಜೆಹೆಜ್ಜೆಗೂ ಹೊಯ್ದಾಡುತ್ತದೆ, ಕಂಠದವರೆಗೆ ತುಂಬಿದ್ದರೆ ಹೊಯ್ದಾಡಲು ಜಾಗವೇ ಇರುವುದಿಲ್ಲ. ಇಲ್ಲಿ ಕೊಡದ ಕಿರಿದಾದ ಕಂಠವೇ ಮುಖ್ಯ. ನಲ್ಲಿ ನಿಂತ ದಿನ ಪ್ಲಾಸ್ಟಿಕ್ ಬಾಲ್ದಿಯಲ್ಲಿ ನೀರು ತಂದು ಗೊತ್ತಿರುವ ಮಗುವಿಗೆ ಈ ಗಾದೆ ಸುಳ್ಳು ಎನಿಸುವುದು ಸಹಜ. ಬಾಯಗಲದ ಬಾಲ್ದಿ ತುಂಬಿದಷ್ಟೂ ಹೆಚ್ಚು ಚೆಲ್ಲುತ್ತದೆ! ಆ ಮಗು ‘ಇದು ತಪ್ಪಲ್ಲವೇ?’ ಎಂದು ಕೇಳಿದರೆ ತರಗತಿಗೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ಬೇರೆ ಇಲ್ಲ. ಆಗ ಕೊಡದ ಚಿತ್ರ ಬರೆದು ತೋರಿಸಬಹುದು. ಗೆರೆ ಎಳೆಯುವ ಹಾಳೆಯಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ಹಾಗಾದರೆ ಸರಿಯಾದ ಇಂಗ್ಲಿಷ್ ಜೋಡಿ ಯಾವುದು? ‘ಸ್ಟಿಲ್ ವಾಟರ್ಸ್ ರನ್ ಡೀಪ್’ ಎಂಬುದು ಇದಕ್ಕಿಂತ ಹತ್ತಿರ. ಅಲ್ಲಿಯೂ ನೀರಿದೆ, ಮೌನವಿದೆ, ಆಳವಿದೆ. ಆದರೂ ಆ ಮಾತಿಗೆ ಇಂಗ್ಲಿಷಿನಲ್ಲಿ ಒಂದು ನೆರಳು ಅಂಟಿಕೊಂಡಿದೆ: ಸುಮ್ಮನಿರುವವನ ಒಳಗೆ ಏನೋ ಅಡಗಿದೆ, ಎಚ್ಚರದಿಂದಿರು ಎಂಬ ಸಂಶಯ. ತುಂಬಿದ ಕೊಡದ ಮೇಲೆ ಆ ಸಂಶಯವಿಲ್ಲ. ಆದ್ದರಿಂದ ಇಲ್ಲಿಯ ಪ್ರಾಮಾಣಿಕ ಉತ್ತರ ‘ಭಾಗಶಃ ಹೊಂದುತ್ತದೆ’ ಎಂಬುದೇ ಹೊರತು ಸರಿ ಎಂದಾಗಲಿ ತಪ್ಪು ಎಂದಾಗಲಿ ಅಲ್ಲ. ಹೊಂದಿಸಿ ಬರೆಯುವ ಹಾಳೆಯಲ್ಲಿ ಈ ಉತ್ತರಕ್ಕೆ ಜಾಗವಿಲ್ಲ.

‘ಮನೆಗೆ ಮಾರಿ, ಊರಿಗೆ ಉಪಕಾರಿ’ಯ ಪಾಡು ಇನ್ನೊಂದು ಬಗೆಯದು. ಇದರ ಎದುರಿಗೆ ‘ಚಾರಿಟಿ ಬಿಗಿನ್ಸ್ ಎಟ್ ಹೋಮ್’ ಎಂದು ಕೊಡುವುದುಂಟು. ಎರಡರಲ್ಲೂ ಮನೆ ಇದೆ, ಉಪಕಾರ ಇದೆ. ಆದ್ದರಿಂದ ಗೆರೆ ಎಳೆಯುವುದು ಸುಲಭ. ಆದರೆ ಇಂಗ್ಲಿಷ್ ವಾಕ್ಯ ಒಂದು ನೀತಿಸೂತ್ರ. ಅದನ್ನು ಯಾರಿಗೂ ಹೇಳಬಹುದು, ತನ್ನ ಬಗ್ಗೆಯೂ ಹೇಳಿಕೊಳ್ಳಬಹುದು. ದೇಣಿಗೆ ಕೇಳಲು ಬಂದವರನ್ನು ನಯವಾಗಿ ಕಳಿಸಲಿಕ್ಕೂ ಅದು ಬಳಕೆಯಲ್ಲಿದೆ. ಕನ್ನಡ ಗಾದೆ ನೀತಿ ಹೇಳುವುದಿಲ್ಲ, ಒಬ್ಬ ವ್ಯಕ್ತಿಯ ಚಿತ್ರ ಬಿಡಿಸುತ್ತದೆ. ಮಾರಿಯೆಂದರೆ ರೋಗರುಜಿನ ತರುವಳೆಂದು ಊರು ಹೆದರುವ ದೇವತೆ. ಮನೆಯವರ ಪಾಲಿಗೆ ಹಾಗಿದ್ದು ಹೊರಗಿನವರಿಗೆ ಬೇಕಾದವನಾಗಿರುವಾತನ ಬಗ್ಗೆ ಈ ಮಾತು. ಸಾಮಾನ್ಯವಾಗಿ ಅವನ ಮನೆಯವರೇ ನೊಂದು ಆಡುವ ಮಾತು, ಅದೂ ಅವನ ಬೆನ್ನಹಿಂದೆ. ‘ಚಾರಿಟಿ ಬಿಗಿನ್ಸ್ ಎಟ್ ಹೋಮ್’ ಎಂಬುದನ್ನು ಮಗು ಅಜ್ಜನ ಮುಂದೆ ಹೇಳಿದರೆ ಅಜ್ಜ ನಗಬಹುದು. ಅದೇ ಅರ್ಥವೆಂದು ನಂಬಿ ಸಂಘದ ಕೆಲಸಕ್ಕೆ ಓಡಾಡುವ ಅಜ್ಜನಿಗೆ ‘ಮನೆಗೆ ಮಾರಿ’ ಎಂದರೆ ಆ ಮನೆಯಲ್ಲಿ ಅಂದು ಊಟ ರುಚಿಸಲಾರದು. ಗಾದೆಯ ಅರ್ಥದ ಅರ್ಧ ಭಾಗ, ಅದನ್ನು ಯಾರು ಯಾರಿಗೆ ಹೇಳಬಹುದು ಎಂಬುದರಲ್ಲಿಯೇ ಇದೆ.

ಇಲ್ಲಿಯವರೆಗೆ ಇಂಗ್ಲಿಷಿನ ಮಾತಾಯಿತು. ಆದರೆ ನಮ್ಮ ಮಕ್ಕಳ ಸುತ್ತ ಇರುವುದು ಇಂಗ್ಲಿಷ್ ಒಂದೇ ಅಲ್ಲ. ಮಹಾರಾಷ್ಟ್ರದಲ್ಲಿ ಎಲ್ಲ ಮಂಡಳಿಗಳ ಶಾಲೆಗಳಲ್ಲೂ ಮರಾಠಿ ಕಲಿಕೆಯನ್ನು ಕಡ್ಡಾಯಗೊಳಿಸಿದ ಕಾನೂನು 2020ರಲ್ಲಿ ಬಂದಿತು. ಅದಕ್ಕೆ ಮೊದಲೂ ಡೊಂಬಿವಲಿ, ಕಲ್ಯಾಣಗಳ ಕನ್ನಡ ಮಕ್ಕಳು ಅಂಗಳದಲ್ಲಿ, ಲೋಕಲ್ ಗಾಡಿಯಲ್ಲಿ, ತರಕಾರಿ ಮಾರ್ಕೆಟ್ಟಿನಲ್ಲಿ ಮರಾಠಿ ಕಲಿತೇ ಬೆಳೆದವರು. ಶಾಲೆಯಲ್ಲಿ ಅವರು ಮರಾಠಿ ‘ಮ್ಹಣೀ’ಗಳನ್ನು, ಅಂದರೆ ಗಾದೆಗಳನ್ನು, ಅರ್ಥಸಹಿತ ಓದುತ್ತಾರೆ. ಹಾಗಿದ್ದೂ ನಮ್ಮ ಹಾಳೆ ಕನ್ನಡದಿಂದ ಏಳು ಸಮುದ್ರ ದಾಟಿ ಇಂಗ್ಲಿಷಿಗೆ ಹಾರುತ್ತದೆ, ಪಕ್ಕದ ಮನೆಯ ಬಾಗಿಲು ತಟ್ಟುವುದಿಲ್ಲ.

ತಟ್ಟಿದರೆ ಏನು ಸಿಗುತ್ತದೆ ನೋಡಿ. ‘ಕುಣಿಯಲಾರದವಳು ನೆಲ ಡೊಂಕು ಎಂದಳು’ ಎಂಬುದಕ್ಕೆ ಮರಾಠಿಯಲ್ಲಿ ‘ನಾಚತಾ ಯೇಈನಾ, ಅಂಗಣ ವಾಕಡೇ’. ಕುಣಿತವೂ ಅದೇ, ಡೊಂಕು ನೆಲವೂ ಅದೇ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದಕ್ಕೆ ‘ಅಂಥರೂಣ ಪಾಹೂನ ಪಾಯ ಪಸರಾವೇ’. ಇಂಗ್ಲಿಷ್ ಗಾದೆ ಇದೇ ಮಾತನ್ನು ಹೇಳಲು ದರ್ಜಿಯ ಬಳಿಗೆ ಹೋಗಿ ಬಟ್ಟೆಯಿದ್ದಷ್ಟೇ ಕೋಟು ಹೊಲಿಸಬೇಕಾಗುತ್ತದೆ. ‘ಹನಿಹನಿ ಗೂಡಿದರೆ ಹಳ್ಳ’ ಎಂಬುದಕ್ಕೆ ‘ಥೇಂಬೇ ಥೇಂಬೇ ತಳೇ ಸಾಚೇ’. ನಮ್ಮಲ್ಲಿ ಹಳ್ಳ, ಅವರಲ್ಲಿ ಕೆರೆ, ಅಷ್ಟೇ ವ್ಯತ್ಯಾಸ. ಇದರಲ್ಲಿ ಅಚ್ಚರಿಯೇನೂ ಇಲ್ಲ. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡಗಳು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲೇ ಇದ್ದವು. ಅದಕ್ಕೂ ಹಿಂದಿನ ಅನೇಕ ಶತಮಾನ ಈ ಎರಡು ನುಡಿಗಳು ಒಂದೇ ಅರಸರ ಆಳ್ವಿಕೆಯಲ್ಲಿ, ಒಂದೇ ಸಂತೆಯಲ್ಲಿ, ಎಷ್ಟೋ ಕಡೆ ಒಂದೇ ಮನೆಯಲ್ಲಿ ಬೆರೆತಿವೆ. ಯಾರಿಂದ ಯಾರಿಗೆ ಹೋಯಿತು ಎಂಬ ಜಗಳ ಇಲ್ಲಿ ಅನಗತ್ಯ. ಎರಡೂ ಕಡೆ ಮಲಗುವ ಹಾಸಿಗೆ ಒಂದೇ ಬಗೆಯದಾಗಿತ್ತು, ಆದ್ದರಿಂದ ಕಾಲು ಚಾಚುವ ಬುದ್ಧಿಮಾತೂ ಒಂದೇ ಆಯಿತು.

‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆಯಲ್ಲಿ ಮರಾಠಿಯ ನೆರವು ಇನ್ನೂ ಸ್ಪಷ್ಟವಾಗುತ್ತದೆ. ಹಾಳೆಯಲ್ಲಿ ಇದರ ಜೋಡಿ, ಆಚೆ ಬದಿಯ ಹುಲ್ಲು ಹೆಚ್ಚು ಹಸಿರು ಎನ್ನುವ ಇಂಗ್ಲಿಷ್ ಗಾದೆ. ಆ ಗಾದೆಯಲ್ಲಿ ಎರಡು ಹುಲ್ಲುಗಾವಲುಗಳಿವೆ, ನಡುವೆ ಬೇಲಿಯಿದೆ, ತನ್ನದು ಕಡಿಮೆ ಎಂಬ ಕೊರಗಿದೆ. ನಮ್ಮ ಗಾದೆಯಲ್ಲಿ ಹೋಲಿಕೆಯೇ ಇಲ್ಲ. ಇರುವುದು ಒಂದೇ ಬೆಟ್ಟ, ಅದೂ ದೂರದಲ್ಲಿ. ಹತ್ತಿರ ಹೋದರೆ ಕಲ್ಲುಮುಳ್ಳು ಎಂಬುದು ಅದರ ತಿಳಿವಳಿಕೆ. ಅದು ಅಸೂಯೆಯ ಬಗ್ಗೆ ಮಾತನಾಡುತ್ತಿಲ್ಲ, ಕಣ್ಣು ಮಾಡುವ ಮೋಸದ ಬಗ್ಗೆ ಮಾತನಾಡುತ್ತಿದೆ. ಮರಾಠಿಯ ‘ದುರೂನ ಡೋಂಗರ ಸಾಜರೇ’ ಇದನ್ನೇ ಹೇಳುತ್ತದೆ. ದೂರದಿಂದ ನೋಡಿದರೆ ಬೆಟ್ಟ ಚೆಂದ. ಕಲ್ಯಾಣ, ಡೊಂಬಿವಲಿಗಳ ಮಗುವಿಗೆ ಮಲಂಗಗಡದ ಕಡೆ ಬೆರಳು ತೋರಿಸಿ, ಇಲ್ಲಿಂದ ಕಾಣುವುದೆಷ್ಟು, ಹತ್ತಿದವರಿಗೆ ಗೊತ್ತಾಗುವುದೆಷ್ಟು ಎಂದು ಕೇಳಿದರೆ ಗಾದೆ ಕಣ್ಣೆದುರೇ ನಿಲ್ಲುತ್ತದೆ. ಹೊರನಾಡಿನ ನಮಗೆ ಇದರಲ್ಲಿ ಇನ್ನೊಂದು ಪಾಠವೂ ಇದೆ. ವರ್ಷಕ್ಕೊಮ್ಮೆ ರಜೆಯಲ್ಲಿ ಹೋಗಿಬರುವ ಊರು ಇಲ್ಲಿಂದ ನೋಡಿದಾಗ ಎಷ್ಟು ನುಣ್ಣಗೆ ಕಾಣುತ್ತದೆ! ಅಲ್ಲಿ ಯಾವ ಹುಲ್ಲಿನ ಹೋಲಿಕೆಯೂ ಇಲ್ಲ, ಬೆಟ್ಟದ ದೂರ ಮಾತ್ರ ಇದೆ. ಈ ಅನುಭವಕ್ಕೆ ಇಂಗ್ಲಿಷ್ ಜೋಡಿ ಹೊಂದುವುದಿಲ್ಲ. ಮರಾಠಿ ಜೋಡಿ ಹೊಂದುತ್ತದೆ.

ಹಾಗೆಂದು ಮರಾಠಿ ಎಲ್ಲೆಡೆ ಕನ್ನಡದ ಪಕ್ಕವೇ ನಿಲ್ಲುತ್ತದೆಂದಲ್ಲ. ತುಂಬಿದ ಕೊಡದ ವಿಷಯದಲ್ಲಿ ಅದು ಇಂಗ್ಲಿಷಿನ ಜೊತೆ ಕೂಡುತ್ತದೆ. ‘ಉಥಳ ಪಾಣ್ಯಾಲಾ ಖಳಖಳಾಟ ಫಾರ’, ಅಂದರೆ ಆಳವಿಲ್ಲದ ನೀರಿಗೆ ಗದ್ದಲ ಹೆಚ್ಚು ಎನ್ನುತ್ತದೆ. ಹಿಂದಿಯ ‘ಅಧಜಲ ಗಗರೀ ಛಲಕತ ಜಾಯ್’ ನಮ್ಮ ಕೊಡವನ್ನೇ ಹಿಡಿದಿದೆ, ಆದರೆ ಅರೆತುಂಬಿದ್ದನ್ನು. ಈ ನಾಲ್ಕನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಇಟ್ಟಾಗ ಕನ್ನಡ ಗಾದೆಯ ವಿಶೇಷ ತಾನಾಗಿ ಎದ್ದು ಕಾಣುತ್ತದೆ: ಉಳಿದ ಮೂರೂ ಕೊರತೆಯನ್ನು ಗೇಲಿ ಮಾಡುತ್ತಿರುವಾಗ ಕನ್ನಡ ತುಂಬಿದ್ದನ್ನು ನೋಡಿ ಸಂತೋಷಪಡುತ್ತಿದೆ. ಇದನ್ನು ಮಗುವಿಗೆ ನಾವು ಉಪನ್ಯಾಸ ಮಾಡಿ ಹೇಳಬೇಕಾಗಿಲ್ಲ. ಹಾಳೆ ಸರಿಯಾಗಿದ್ದರೆ ಅದೇ ಕಂಡುಕೊಳ್ಳುತ್ತದೆ.

ಗಾದೆಗಳನ್ನು ಬೇರೆ ನುಡಿಯವರಿಗೆ ತಿಳಿಸುವ ಕೆಲಸಕ್ಕೆ ನಮ್ಮ ಮುಂದೆ ಹಳೆಯ ಮಾದರಿಯೂ ಇದೆ. ಕಿಟೆಲ್ ಅವರು 1894ರಲ್ಲಿ ಮಂಗಳೂರಿನಿಂದ ಹೊರತಂದ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಪದಗಳ ಬಳಕೆ ತೋರಿಸಲು ಗಾದೆಗಳನ್ನು ಧಾರಾಳವಾಗಿ ಕೊಟ್ಟಿದ್ದಾರೆ. ಮ್ಯಾನ್‌ವಾರಿಂಗ್ ಎಂಬ ಪಾದ್ರಿಯ ಮರಾಠಿ ಗಾದೆಗಳ ಸಂಗ್ರಹ 1899ರಲ್ಲಿ ಆಕ್ಸ್‌ಫರ್ಡಿನಿಂದ ಬಂದಿತು. ಅದರಲ್ಲಿ ಗಾದೆಗಳನ್ನು ವಿಷಯವಾರು ಜೋಡಿಸಿ ಇಂಗ್ಲಿಷಿಗೆ ಅನುವಾದಿಸಲಾಗಿದೆ. ಈ ಕೆಲಸಗಳಲ್ಲಿ ಗಾದೆಯ ಒಳಗಿನ ವಸ್ತುವಿಗೆ ಮರ್ಯಾದೆಯಿದೆ. ಸೊಂಟದ ಕೊಡ ಕೊಡವಾಗಿಯೇ ಉಳಿಯುತ್ತದೆ. ಕಥೆ ಕಾದಂಬರಿಗಳನ್ನು ಅನುವಾದಿಸುವವರಿಗೂ ಇದು ಒಪ್ಪುವ ದಾರಿ. ಹಾವೇರಿಯ ಕಣದಲ್ಲಿ ನಿಂತ ರೈತನ ಬಾಯಲ್ಲಿ ಇಂಗ್ಲೆಂಡಿನ ಒಣಹುಲ್ಲು ಬಂದರೆ ಓದುಗನು ಆ ಕಣದಿಂದ ಹೊರಗೆ ಬಿದ್ದಂತೆಯೇ.

ಹಾಗಾದರೆ ಹಾಳೆ ಹೇಗಿರಬೇಕು? ಹತ್ತು ಗಾದೆಗಳ ಬದಲು ಮೂರು ಸಾಕು. ಪ್ರತಿ ಗಾದೆಗೆ ನಾಲ್ಕು ಸಾಲು ಜಾಗವಿರಲಿ. ಮೊದಲ ಸಾಲಿನಲ್ಲಿ, ಗಾದೆಯಲ್ಲಿ ಕಾಣುವ ವಸ್ತು ಯಾವುದು, ಅದು ಏನು ಮಾಡುತ್ತದೆ ಎಂದು ಬರೆಯಬೇಕು; ಬೇಕಿದ್ದರೆ ಚಿತ್ರ ಬಿಡಿಸಬಹುದು. ಎರಡನೆಯದರಲ್ಲಿ, ಇದನ್ನು ಯಾರು ಯಾರಿಗೆ ಯಾವಾಗ ಹೇಳುತ್ತಾರೆ, ಅದು ಹೊಗಳಿಕೆಯೋ ಗದರಿಕೆಯೋ ಬುದ್ಧಿಮಾತೋ ಎಂದು ಮನೆಯ ಹಿರಿಯರನ್ನು ಕೇಳಿ ಬರೆಯಬೇಕು. ಅಜ್ಜಿ ಮನೆಯಲ್ಲಿಲ್ಲದಿದ್ದರೆ ಊರಿಗೆ ಒಂದು ಫೋನು ಮಾಡಲು ಇದೊಂದು ನೆಪವಾದೀತು. ಮೂರನೆಯದರಲ್ಲಿ ಮರಾಠಿ, ನಾಲ್ಕನೆಯದರಲ್ಲಿ ಇಂಗ್ಲಿಷ್. ಮನೆಮಾತು ತುಳುವೋ ಕೊಂಕಣಿಯೋ ಆಗಿದ್ದರೆ ಅದಕ್ಕೂ ಒಂದು ಸಾಲು ಸೇರಲಿ. ನಮ್ಮ ಅನೇಕ ಮನೆಗಳಲ್ಲಿ ಕನ್ನಡವೇ ಎರಡನೆಯ ಭಾಷೆ.

ಜೋಡಿ ಸರಿಯೋ ತಪ್ಪೋ ಎಂದು ತಿಳಿಯುವ ಉಪಾಯ ಸರಳವಾದದ್ದು. ಮೂರು ವಾಕ್ಯದ ಒಂದು ಸಂದರ್ಭ ಬರೆದು ಕೊನೆಯಲ್ಲಿ ಕನ್ನಡ ಗಾದೆ ಇಡಬೇಕು. ಬಳಿಕ ಅದನ್ನು ತೆಗೆದು ಅದೇ ಜಾಗದಲ್ಲಿ ಇನ್ನೊಂದು ಭಾಷೆಯ ಗಾದೆಯನ್ನಿಟ್ಟು ಓದಬೇಕು. ಕೇಳುವವನ ಮುಖದ ಭಾವ ಬದಲಾಗದಿದ್ದರೆ ಜೋಡಿ ಸರಿ. ನಗುವವನು ಮುನಿಸಿಕೊಂಡರೆ, ಅಥವಾ ಮಾತು ಬೇರೆ ಯಾರಿಗೋ ತಗುಲಿದರೆ, ಜೋಡಿ ಭಾಗಶಃ ಮಾತ್ರ. ‘ಕೂಸು ಹುಟ್ಟುವ ಮುಂಚೆ ಕುಲಾವಿ’ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಹುಟ್ಟದ ಮಗುವಿಗೆ ಟೊಪ್ಪಿಗೆ ಹೊಲಿಸುವವನಿಗೂ ಮೊಟ್ಟೆಯೊಡೆಯದ ಮರಿಗಳನ್ನು ಎಣಿಸುವವನಿಗೂ ಒಂದೇ ನಗು ಸಲ್ಲುತ್ತದೆ. ಚಿತ್ರ ಬೇರೆಯಾಗಿದ್ದರೂ ಕೆಲಸ ಒಂದೇ ಆಗಿರಬಹುದು ಎಂಬುದಕ್ಕೆ ಇದು ಸಾಕ್ಷಿ. ಆದ್ದರಿಂದ ಇಂಗ್ಲಿಷ್ ಜೋಡಿಗಳೆಲ್ಲ ಬೇಡ ಎಂಬುದು ನನ್ನ ವಾದವಲ್ಲ. ಪರೀಕ್ಷಿಸದ ಜೋಡಿಗಳು ಬೇಡ.

ವಾರಕ್ಕೊಂದು ಗಂಟೆಯ ತರಗತಿಯಲ್ಲಿ ಇಷ್ಟಕ್ಕೆಲ್ಲ ಸಮಯವೆಲ್ಲಿ ಎಂದು ಕಲಿಸುವವರು ಕೇಳಬಹುದು. ಸ್ವಯಂಸೇವೆಯಿಂದ, ರಜೆಯ ದಿನ ಬಿಟ್ಟು ಬಂದು ಕಲಿಸುವವರ ಈ ಪ್ರಶ್ನೆ ನ್ಯಾಯವಾದದ್ದೇ. ಆದರೆ ಲೆಕ್ಕ ಹಾಕಿ ನೋಡಿದರೆ ಹತ್ತು ಗಾದೆಗೆ ಗೆರೆ ಎಳೆಯಲು ಐದು ನಿಮಿಷ, ತಿದ್ದಲು ಹತ್ತು ನಿಮಿಷ. ಮರುವಾರ ಉಳಿಯುವುದು ಸೊನ್ನೆ. ಒಂದೇ ಗಾದೆಗೆ ಹದಿನೈದು ನಿಮಿಷ ಕೊಟ್ಟರೆ ಆ ಗಾದೆ ಮನೆಗೆ ಹೋಗುತ್ತದೆ, ಅಡುಗೆಮನೆಯಲ್ಲಿ ಬಳಕೆಯಾಗುತ್ತದೆ. ವರ್ಷಕ್ಕೆ ನಲವತ್ತು ತರಗತಿ ನಡೆದರೂ ನಲವತ್ತು ಗಾದೆಗಳಾದವು. ದಿನಬಳಕೆಯಲ್ಲಿ ಅಷ್ಟು ಗಾದೆಗಳನ್ನು ಸರಾಗವಾಗಿ ಆಡುವ ದೊಡ್ಡವರೂ ನಮ್ಮಲ್ಲಿ ಹೆಚ್ಚಿಲ್ಲ.

ಕೊನೆಯದಾಗಿ, ಇಂಗ್ಲಿಷಿನ ಸಾಲಿನಲ್ಲಿ ‘ಇಲ್ಲ’ ಎಂದು ಬರೆಯಲು ಮಗುವಿಗೆ ಅನುಮತಿ ಇರಬೇಕು. ‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂಬುದಕ್ಕೆ ಎಲ್ಲಿಂದಲೋ ಒಂದು ಇಂಗ್ಲಿಷ್ ವಾಕ್ಯವನ್ನು ಎಳೆದು ತಂದು ಕೂರಿಸುವುದಕ್ಕಿಂತ, ತಾಯಿಯನ್ನು ಹೊಗಳಲು ಉಪ್ಪನ್ನೇಕೆ ತಂದರು ಎಂದು ಕೇಳುವುದು ಲೇಸು. ಉಪ್ಪು ಊಟದಲ್ಲಿ ಇರುವಾಗ ಯಾರೂ ಅದರ ಹೆಸರೆತ್ತುವುದಿಲ್ಲ, ಇಲ್ಲದಿದ್ದರೆ ಮೊದಲ ತುತ್ತಿಗೇ ಎಲ್ಲರಿಗೂ ತಿಳಿಯುತ್ತದೆ. ಮಗು ಇಷ್ಟನ್ನು ಕಂಡುಕೊಂಡು ಎರಡು ವಾಕ್ಯದಲ್ಲಿ ಬರೆದರೆ, ನಾಲ್ಕನೆಯ ಸಾಲು ಖಾಲಿಯಿದ್ದರೂ ಪೂರ್ಣ ಅಂಕ ಕೊಡಬೇಕು.